ಹದಿನೈದು ನಿಮಿಷದ ಕಾಲ್‌ಗೆ ಕಾಫಿ ಬೈಯರ್ ಯಾಕೆ ಒಪ್ಪಬೇಕು?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಒಂಬತ್ತು ಎಕರೆ ತೋಟ, ಆರು ಎಕರೆ ಅರೇಬಿಕಾ. ಅಪ್ಪನ ಕಾಲದಿಂದ ಕಾಫಿಯೆಲ್ಲ ಊರಿನ ವ್ಯಾಪಾರಿಗೇ ಹೋಗುತ್ತೆ. ಕಳೆದ ಜನವರಿಯಲ್ಲಿ ಮೇಲಿನ ಬ್ಲಾಕ್‌ನಿಂದ ಹಣ್ಣು ಮಾತ್ರ ಕುಯ್ಯಿಸಿ, ಸುಮಾರು 600 ಕೆಜಿ, ಪಲ್ಪ್ ಮಾಡಿ ಅರ್ಧ ಕಣದಲ್ಲಿ, ಅರ್ಧ ನೆಲದಿಂದ ಎತ್ತರಿಸಿದ ರೈಸ್ಡ್ ಬೆಡ್ ಮೇಲೆ ಒಣಗಿಸಿದೆ. ಇದು ಸ್ಪೆಷಾಲ್ಟಿ ಆಗುತ್ತಾ ಅಂತ ಕೇಳೋಕೆ ಬೆಂಗಳೂರಿನ ನಾಲ್ಕೈದು ರೋಸ್ಟರಿಗಳಿಗೆ ಫೆಬ್ರವರಿಯಲ್ಲಿ ಮೆಸೇಜ್ ಹಾಕಿದೆ: "ನಮಸ್ತೆ ಸರ್, ನಾನು ಕಾಫಿ ಬೆಳೆಗಾರ. ಸ್ಪೆಷಾಲ್ಟಿ ಕಾಫಿ ಬಗ್ಗೆ ನಿಮ್ಮ ಅನುಭವದಿಂದ ಕಲಿಯಬೇಕು. ಫ್ರೀ ಇದ್ದಾಗ ಒಂದು ಕಾಲ್ ಮಾಡಬಹುದಾ? ಸ್ವಲ್ಪ ಗೈಡ್ ಮಾಡಿ." ಒಬ್ಬರೂ ಉತ್ತರ ಕೊಡಲಿಲ್ಲ. ಕೊನೆಗೆ ಅದನ್ನೂ ವ್ಯಾಪಾರಿಗೇ ಕೊಟ್ಟೆ. ಈಗ ಆಗಸ್ಟ್. ಮತ್ತೆ ಕೇಳಲಾ? ಹೇಗೆ ಕೇಳಲಿ?

ಉತ್ತರ: ಕೇಳಿ. ಫೆಬ್ರವರಿಗಿಂತ ಈಗ ನಿಮ್ಮ ಪರಿಸ್ಥಿತಿ ಎಷ್ಟೋ ಚೆನ್ನಾಗಿದೆ. ಹಾಗೆ ಯಾಕೆ ಹೇಳುತ್ತಿದ್ದೇನೆ ಅಂದರೆ, ರೋಸ್ಟರಿಗೆ ಹುರಿಯದ ಹಸಿ ಬೀಜ ಕೊಳ್ಳುವ ಕೆಲಸದಲ್ಲಿ ನಾನು ಬಹಳ ವರ್ಷ ಇದ್ದೆ. ಇಂಥ ಮೆಸೇಜ್‌ಗಳು ಆ ಕಡೆ ಹೇಗೆ ಕಾಣುತ್ತವೆ ಅಂತ ಗೊತ್ತು.

ನಿಮ್ಮ ಮೆಸೇಜ್ ಓದಿದಾಗ ಬೈಯರ್‌ಗೆ ಮೊದಲು ಬರುವ ಅನುಮಾನ, ಇವರು ಕಾಫಿ ಮಾರೋಕೆ ನೋಡುತ್ತಿದ್ದಾರೆ ಅಂತ. ಕಲಿಯಬೇಕು ಅಂತ ಶುರುವಾದ ಕಾಲ್‌ಗಳಲ್ಲಿ ಎಷ್ಟೋ ಐದನೇ ನಿಮಿಷಕ್ಕೆ "ನಮ್ಮದು ಎಷ್ಟಕ್ಕೆ ತಗೊಳ್ತೀರಾ ಸರ್" ಅನ್ನುವಲ್ಲಿಗೆ ಬರುತ್ತವೆ. ರುಚಿ ನೋಡದ ಕಾಫಿಗೆ ಯಾವ ಬೈಯರೂ ರೇಟ್ ಹೇಳಲ್ಲ. ಫೋನ್‌ನಲ್ಲಿ ಇಲ್ಲ ಅನ್ನೋದು ಮುಜುಗರ, ಅದಕ್ಕೆ ಮೆಸೇಜ್‌ಗೇ ಉತ್ತರ ಕೊಡದೆ ಬಿಡುತ್ತಾರೆ. ಎರಡನೆಯ ಭಯ ಸಮಯದ್ದು. "ಸ್ಪೆಷಾಲ್ಟಿ ಕಾಫಿ ಬಗ್ಗೆ" ಅಂದರೆ ಎಲ್ಲಿಂದ ಶುರು ಮಾಡೋದು? ಗಿಡದ ತಳಿಯಿಂದಲಾ, ಹುದುಗಿಸೋದರಿಂದಲಾ, ಕಪ್ ಸ್ಕೋರ್‌ನಿಂದಲಾ? ಹದಿನೈದು ನಿಮಿಷ ಅಂತ ನಿಮ್ಮ ಮನಸ್ಸಿನಲ್ಲಿ ಇದ್ದಿರಬಹುದು, ಮೆಸೇಜ್‌ನಲ್ಲಿ ಇರಲಿಲ್ಲ.

ಇನ್ನು ಫೆಬ್ರವರಿ. ಮಲೆನಾಡಿನಲ್ಲಿ ಅರೇಬಿಕಾ ಕುಯ್ಲು ಹೆಚ್ಚುಕಮ್ಮಿ ನವೆಂಬರ್‌ನಿಂದ ಜನವರಿ, ಆಮೇಲೆ ಮಾರ್ಚ್‌ವರೆಗೆ ರೋಬಸ್ಟಾ. ಫೆಬ್ರವರಿ, ಮಾರ್ಚ್‌ನಲ್ಲಿ ರೋಸ್ಟರಿಯ ಟೇಬಲ್ ಮೇಲೆ ಸ್ಯಾಂಪಲ್ ಚೀಲಗಳ ರಾಶಿ ಇರುತ್ತೆ. ಬೆಳಗ್ಗೆಯಿಂದ ಸ್ಯಾಂಪಲ್ ಹುರಿಯೋದು, ಕಪ್ಪಿಂಗ್ ಅಂದರೆ ರುಚಿ ನೋಡಿ ಅಂಕ ಕೊಡೋದು, ಮಧ್ಯೆ ತೋಟಗಳಿಗೆ ಓಡಾಟ. ಆ ತಿಂಗಳಲ್ಲಿ ಬಂದ ಬೆಳೆಗಾರರ ಮೆಸೇಜ್ ಎಲ್ಲವೂ ಮಾರಾಟದ ಮೆಸೇಜ್ ಅಂತಲೇ ಓದಿಸಿಕೊಳ್ಳುತ್ತವೆ. ಈಗ ಮಳೆಗಾಲ. ಬೈಯರ್‌ಗಳ ಖರೀದಿ ಬಹುತೇಕ ಮುಗಿದಿದೆ. ಮುಂದಿನ ಹಂಗಾಮಿಗೆ ಯಾವ ತೋಟದಿಂದ ಏನು ಮಾಡಿಸೋದು ಅಂತ ಯೋಚನೆ ಶುರುವಾಗುವ ಹೊತ್ತು. ನಿಮ್ಮ ಗಿಡದಲ್ಲೂ ಕಾಯಿ ಇನ್ನೂ ಹಸಿರು, ಬದಲಾವಣೆ ಮಾಡಿಕೊಳ್ಳೋಕೆ ಟೈಮ್ ಇದೆ. ಆಗಸ್ಟ್‌ನಿಂದ ಸೆಪ್ಟೆಂಬರ್ ಕೊನೆವರೆಗೆ ಈ ಕಾಲ್‌ಗೆ ವರ್ಷದಲ್ಲೇ ಒಳ್ಳೆಯ ಸಮಯ.

ಇನ್ನೊಂದು ಅನುಕೂಲ ನಿಮಗೆ ಗೊತ್ತಾಗದೆ ಆಗಿದೆ. ಆ ಲಾಟ್ ವ್ಯಾಪಾರಿಗೆ ಹೋಯಿತು ಅಂತ ಬೇಜಾರು ಮಾಡಿಕೊಂಡಿದ್ದೀರಿ. ಆದರೆ ಈಗ ನಿಮ್ಮ ಹತ್ತಿರ ಮಾರೋಕೆ ಏನೂ ಇಲ್ಲ. ಅದನ್ನೇ ಮೆಸೇಜ್‌ನಲ್ಲಿ ಬರೆದರೆ ಆ ಕಡೆಯವರ ಮೊದಲ ಅನುಮಾನ ಅಲ್ಲೇ ಹೋಗುತ್ತೆ. ಮನೆಯಲ್ಲಿ ನಾಲ್ಕು ಕೆಜಿ ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ತೆಗೆಯದ ಒಣ ಬೀಜ, ಉಳಿದಿದ್ದರೂ ಕಳಿಸಬೇಡಿ. ಮೂಡಿಗೆರೆಯ ಮಳೆಯಲ್ಲಿ ಅದು ತೇವ ಎಳೆದುಕೊಂಡಿರುತ್ತೆ, ಜನವರಿಯ ರುಚಿ ಅದರಲ್ಲಿ ಇರಲ್ಲ. ಹಳೆಯ ಸ್ಯಾಂಪಲ್‌ನಿಂದ ಮೊದಲ ಪರಿಚಯ ಆದರೆ ಅದನ್ನು ಅಳಿಸೋದು ಕಷ್ಟ.

ಈಗ ಮುಖ್ಯ ವಿಷಯ. ಅವರು ಯಾಕೆ ಒಪ್ಪಬೇಕು? "ನಿಮ್ಮಂಥ ಹಿರಿಯರ ಮಾರ್ಗದರ್ಶನ" ಅನ್ನೋ ಮಾತು ಕಾರಣ ಅಲ್ಲ. ಒಳ್ಳೆಯ ಮನಸ್ಸಿನವರು ಅದಕ್ಕೂ ಒಪ್ಪುತ್ತಾರೆ, ಆದರೆ ಅದು ಅವರ ದೊಡ್ಡತನ. ಅವರ ಕೆಲಸಕ್ಕೆ ಬೇಕಾದ, ಅವರಿಗೆ ಸುಲಭವಾಗಿ ಸಿಗದ ಯಾವುದೋ ಒಂದು ನಿಮ್ಮ ಹತ್ತಿರ ಇರಬೇಕು. ನಿಮ್ಮ ಹತ್ತಿರ ಅದು ಇದೆ.

ಬೆಂಗಳೂರಿನಲ್ಲಿ ಕೂತ ಬೈಯರ್‌ಗೆ ಕಪ್‌ನಲ್ಲಿ ಬಂದ ರುಚಿ ಗೊತ್ತಾಗುತ್ತೆ. ಆ ರುಚಿಗೆ ತೋಟದಲ್ಲಿ ಎಷ್ಟು ಖರ್ಚಾಯಿತು ಅನ್ನೋದು ಅಷ್ಟು ಸರಿಯಾಗಿ ಗೊತ್ತಾಗಲ್ಲ. ದೊಡ್ಡ ಎಸ್ಟೇಟ್‌ನವರು ಅವರ ಜೊತೆ ರೇಟ್ ಮಾತಾಡುವವರು, ಹಾಗಾಗಿ ಖರ್ಚನ್ನು ಬಿಡಿಸಿ ಹೇಳಲ್ಲ. ಸಣ್ಣ ಬೆಳೆಗಾರರಲ್ಲಿ ಲೆಕ್ಕ ಬರೆದಿಡುವವರು ಕಡಿಮೆ. ಹಣ್ಣು ಮಾತ್ರ ಕುಯ್ಯಿಸೋಕೆ ಒಂದೇ ಗಿಡಕ್ಕೆ ಮೂರು, ನಾಲ್ಕು ಸಲ ಹೋಗಬೇಕು. ಕೆಜಿ ಲೆಕ್ಕದ ಕೂಲಿಯಾದರೆ ಆಳುಗಳು ಒಪ್ಪಲ್ಲ, ದಿನಗೂಲಿ ಕೊಡಬೇಕಾಗುತ್ತೆ, ಮೇಸ್ತ್ರಿ ಗೊಣಗುತ್ತಾನೆ. ಇದೆಲ್ಲ ನಿಮಗೆ ದಿನನಿತ್ಯದ ಮಾತು. ಮುಂದಿನ ವರ್ಷ ಒಂದು ಕೆಜಿಗೆ ಎಷ್ಟು ಹೆಚ್ಚು ಕೊಟ್ಟರೆ ನ್ಯಾಯ ಅಂತ ಯೋಚಿಸುವವರಿಗೆ ಇದು ಬೇಕಾದ ಮಾಹಿತಿ. ಅದಕ್ಕಿಂತ ಹೆಚ್ಚಾಗಿ, ಒಂದೇ ಬ್ಲಾಕ್‌ನ, ಒಂದೇ ಕುಯ್ಲಿನ ಕಾಫಿಯನ್ನು ಎರಡು ಥರ ಒಣಗಿಸಿ ನೋಡಿದ್ದೀರಿ. ಕಣದಲ್ಲಿ ಎಷ್ಟು ದಿನ, ಬೆಡ್ ಮೇಲೆ ಎಷ್ಟು ದಿನ, ರಾತ್ರಿ ಮುಚ್ಚಿದ್ದಿರಾ, ಕೊನೆಗೆ ತೇವಾಂಶ ಎಷ್ಟಿತ್ತು? ನನ್ನ ಕೆಲಸದ ದಿನಗಳಲ್ಲಿ ಇಂಥ ಒಂದು ಪುಟ ಮೊದಲ ಮೆಸೇಜ್‌ಗೇ ಬಂದಿದ್ದರೆ ನಾನೇ ಫೋನ್ ಮಾಡುತ್ತಿದ್ದೆ.

ಹಾಗಾಗಿ ಮೆಸೇಜ್ ಬರೆಯೋಕೆ ಮೊದಲು ಆ ಒಂದು ಪುಟ ಬರೆಯಿರಿ. ತೋಟದ ಎತ್ತರ, ತಳಿ, ನೆರಳಿನ ಮರ, ಕುಯ್ದ ದಿನ, ಪಲ್ಪ್ ಮಾಡಿದ ಹೊತ್ತು, ಹುದುಗಿಸಿದ ಗಂಟೆ, ಒಣಗಿಸಿದ ದಿನಗಳು, ಕೂಲಿ. ಗೊತ್ತಿಲ್ಲದ ಜಾಗ ಖಾಲಿ ಬಿಡಿ, ಅಂದಾಜು ತುಂಬಬೇಡಿ. ತೇವಾಂಶ ಮೀಟರ್ ಇರಲಿಲ್ಲ, ಹಲ್ಲಲ್ಲಿ ಕಚ್ಚಿ ನೋಡಿದೆ ಅಂದರೆ ಹಾಗೇ ಬರೆಯಿರಿ. ಎಲ್ಲವೂ ಚೊಕ್ಕವಾಗಿರುವ ಪುಟ ನೋಡಿದರೆ ಬೈಯರ್‌ಗೆ ನಂಬಿಕೆ ಕಡಿಮೆಯಾಗುತ್ತೆ. ಈ ಪುಟದಲ್ಲಿ ಲೆಕ್ಕವೂ ಕೂಡಬೇಕು. 600 ಕೆಜಿ ಹಣ್ಣಿಗೆ ಒಣಗಿದ ಪಾರ್ಚ್‌ಮೆಂಟ್ ಸುಮಾರು 120 ಕೆಜಿ, ಸಿಪ್ಪೆ ತೆಗೆದರೆ ಬೀಜ ಸುಮಾರು 100 ಕೆಜಿ, ಅಂದರೆ 50 ಕೆಜಿಯ ಎರಡು ಮೂಟೆ. ನೀವು 200 ಕೆಜಿ ಅಂತ ಬರೆದಿದ್ದರೆ ಓದುವವರು ಪುಟವನ್ನು ಅಲ್ಲೇ ಪಕ್ಕಕ್ಕಿಡುತ್ತಾರೆ.

ಆಮೇಲೆ ಯಾರಿಗೆ ಬರೆಯೋದು? ನೀವು ರೋಸ್ಟರಿಯ ಮಾಲೀಕರಿಗೇ ಬರೆದಿರಬೇಕು, ಹೆಸರು ಹೊರಗೆ ಕಾಣುವುದು ಅವರದೇ ಅಲ್ವಾ. ಅವರಿಗೆ ಬರುವ ಮೆಸೇಜೂ ಅಷ್ಟೇ ಜಾಸ್ತಿ. ಸ್ಯಾಂಪಲ್ ಹುರಿದು ರುಚಿ ನೋಡಿ ಯಾವ ಲಾಟ್ ಒಳಗೆ ಬರಬೇಕು ಅಂತ ಹೇಳುವವರು ಬೇರೆ ಇರುತ್ತಾರೆ. ಕ್ವಾಲಿಟಿ ನೋಡುವವರು, ಹಸಿ ಬೀಜ ಕೊಳ್ಳುವವರು. ಅವರ ಹೆಸರು ಲಿಂಕ್ಡ್‌ಇನ್‌ನಲ್ಲಿ ಸಿಗುತ್ತೆ. ನಿಮ್ಮ ಸುತ್ತಿನ ಊರುಗಳ ಕಾಫಿಯನ್ನು ತೋಟದ ಹೆಸರು ಹಾಕಿ ಮಾರುವ ರೋಸ್ಟರಿ ಯಾವುದು ಅಂತ ನೋಡಿ, ಅಲ್ಲಿಂದ ಶುರು ಮಾಡಿ. ಅವರಿಗೆ ಆ ಕಡೆ ಬರೋದು ಇದ್ದೇ ಇರುತ್ತೆ, ಪಕ್ಕದ ತೋಟದ ಸುದ್ದಿ ಅವರಿಗೆ ಕೆಲಸಕ್ಕೆ ಬರುತ್ತೆ. ಕೊಡಗಿನ ಕಾಫಿ ಮಾತ್ರ ಮಾರುವವರಿಗೆ ನಿಮ್ಮ ಪುಟ ಅಷ್ಟು ಮುಖ್ಯ ಅಲ್ಲ.

ಇನ್ನು ಏನನ್ನು ಕೇಳಬಾರದು ಅಂತ. ಬಿಳಿ ಕಾಂಡಕೊರಕ, ಕೊಳೆರೋಗ, ಗೊಬ್ಬರ, ಸಬ್ಸಿಡಿ, ಯಾವ ತಳಿ ನೆಡಬೇಕು, ಇವಕ್ಕೆ ಕಾಫಿ ಮಂಡಳಿಯ ವಿಸ್ತರಣಾ ಕಚೇರಿ ಇದೆ, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಇದೆ. ಇದನ್ನು ಬೈಯರ್ ಹತ್ತಿರ ಕೇಳಿದರೆ ಹೋಮ್‌ವರ್ಕ್ ಮಾಡಿಕೊಂಡು ಬಂದಿಲ್ಲ ಅಂತ ತಿಳಿಯುತ್ತಾರೆ. "ನನ್ನ ಕಾಫಿ ಸ್ಪೆಷಾಲ್ಟಿ ಆಗುತ್ತಾ" ಅನ್ನುವ ನಿಮ್ಮ ಪ್ರಶ್ನೆಯೂ ಫೋನ್‌ಗೆ ಸರಿಹೋಗಲ್ಲ. ಕಪ್ಪಿಂಗ್‌ನಲ್ಲಿ 100ಕ್ಕೆ 80 ಅಥವಾ ಹೆಚ್ಚು ಬಂದರೆ ಸ್ಪೆಷಾಲ್ಟಿ ಅನ್ನೋದು ರೂಢಿ. ಅದನ್ನು ಹೇಳೋಕೆ ಬೀಜ ಮುಂದೆ ಇರಬೇಕು. ಜನವರಿಯಲ್ಲಿ ಹೊಸ ಲಾಟ್ ಬಂದ ಮೇಲೆ ಕಾಫಿ ಮಂಡಳಿಯ ಪ್ರಯೋಗಾಲಯಕ್ಕೆ ಕೊಟ್ಟು ರುಚಿ ಪರೀಕ್ಷೆ ಮಾಡಿಸಬಹುದು.

ಬೈಯರ್ ಮಾತ್ರ ಹೇಳಬಲ್ಲ ವಿಷಯಗಳು ಬೇರೆ ಇವೆ. ನಿಮ್ಮ ವಿಷಯದಲ್ಲಿ ಅತಿ ದೊಡ್ಡ ಗಂಟು ಇರೋದು ರುಚಿಯಲ್ಲಿ ಅಲ್ಲ, ಎರಡು ಮೂಟೆ ಅನ್ನುವ ಪ್ರಮಾಣದಲ್ಲಿ. ಹಾಸನ, ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳು ದೊಡ್ಡ ಪ್ರಮಾಣಕ್ಕೆ ಅಂತ ಕಟ್ಟಿದವು. ನಿಮ್ಮ 120 ಕೆಜಿ ಪಾರ್ಚ್‌ಮೆಂಟನ್ನು ಬೇರೆಯವರದರ ಜೊತೆ ಬೆರೆಯದಂತೆ ಸಿಪ್ಪೆ ತೆಗೆದು, ಗ್ರೇಡ್ ಮಾಡಿ ಕೊಡೋದು ಅಲ್ಲಿ ಕಷ್ಟ. ಸಣ್ಣ ಲಾಟ್ ಕೊಳ್ಳುವ ರೋಸ್ಟರಿಯವರು ಇದಕ್ಕೆ ಏನೋ ದಾರಿ ಮಾಡಿಕೊಂಡಿರುತ್ತಾರೆ. ಪಾರ್ಚ್‌ಮೆಂಟ್ ಆಗಿಯೇ ತಗೊಳ್ಳೋದು, ಸಿಪ್ಪೆ ತೆಗೆಯೋಕೆ ತಮ್ಮದೇ ಸಣ್ಣ ಹಲ್ಲರ್, ಇಲ್ಲವೇ ಪಕ್ಕದ ಎಸ್ಟೇಟ್‌ನ ಮಿಶನ್. ಅವರು ಏನು ಮಾಡುತ್ತಾರೆ ಅನ್ನೋದು ನಿಮ್ಮ ಮುಂದಿನ ಖರ್ಚನ್ನು ನಿರ್ಧರಿಸುತ್ತೆ. ಎರಡನೆಯದು, ಕನಿಷ್ಠ ಎಷ್ಟು ಕೆಜಿ ಇದ್ದರೆ ಅವರಿಗೆ ಹೆಸರು ಹಾಕಿ ಮಾರೋದು ಗಿಟ್ಟುತ್ತೆ? ಈ ಎರಡೇ ಪ್ರಶ್ನೆ ಸಾಕು.

ಜೊತೆಗೆ, ಉತ್ತರ ಸಿಕ್ಕರೆ ನೀವು ಏನು ಮಾಡುತ್ತೀರಿ, ಯಾವಾಗ ಮಾಡುತ್ತೀರಿ ಅಂತ ಹೇಳಿ. ಇದನ್ನು ಬಹಳ ಜನ ಬರೆಯಲ್ಲ. "ಸೆಪ್ಟೆಂಬರ್ ಕೊನೆಯೊಳಗೆ ಇನ್ನಷ್ಟು ಬೆಡ್ ಹಾಕಿಸಬೇಕಾ ಅಂತ ತೀರ್ಮಾನ ಮಾಡಬೇಕು" ಅಂದರೆ ಅವರ ಮಾತಿನಿಂದ ಒಂದು ಕೆಲಸ ನಡೆಯುತ್ತೆ ಅಂತ ಅವರಿಗೆ ಕಾಣುತ್ತೆ. ತಾರೀಖು ಇರೋದರಿಂದ ಮುಂದೆ ನೋಡೋಣ ಅಂತ ಬದಿಗಿಡೋದೂ ಕಡಿಮೆಯಾಗುತ್ತೆ. ತಾರೀಖು ನಿಜ ಇರಬೇಕು, ಅಷ್ಟೇ.

ಎಲ್ಲ ಸೇರಿ ಮೆಸೇಜ್ ಹೀಗಿರಬಹುದು. ಒಣಗಿಸಿದ ದಿನಗಳು ನಿಮ್ಮ ಪತ್ರದಲ್ಲಿ ಇರಲಿಲ್ಲ, ನಾನು ಉದಾಹರಣೆಗೆ ಹಾಕಿದ್ದೇನೆ. ಬೆಡ್‌ಗೆ ಕಣಕ್ಕಿಂತ ಜಾಸ್ತಿ ದಿನ ಹಿಡಿಯೋದು ಸಾಮಾನ್ಯ. ತಳಿಯನ್ನೂ ನಿಮ್ಮದು ಯಾವುದೋ ಅದಕ್ಕೆ ಬದಲಿಸಿಕೊಳ್ಳಿ.

"ನಮಸ್ತೆ ಮೇಡಂ. ಮೂಡಿಗೆರೆ ಹತ್ತಿರ ನಮ್ಮದು ಒಂಬತ್ತು ಎಕರೆ ತೋಟ. ನೀವು ನಮ್ಮ ಕಡೆಯ ಒಂದು ತೋಟದ ವಾಶ್ಡ್ ಅರೇಬಿಕಾ ಮಾರುತ್ತಿರುವುದನ್ನು ನೋಡಿ ಬರೆಯುತ್ತಿದ್ದೇನೆ.

ಕಳೆದ ಜನವರಿಯಲ್ಲಿ ಎಸ್ 795 ಬ್ಲಾಕ್‌ನಿಂದ 600 ಕೆಜಿ ಹಣ್ಣು ಮಾತ್ರ ಕುಯ್ಯಿಸಿ, ಅರ್ಧ ಕಣದಲ್ಲಿ, ಅರ್ಧ ರೈಸ್ಡ್ ಬೆಡ್ ಮೇಲೆ ಒಣಗಿಸಿದೆ. ಕಣದ್ದಕ್ಕೆ 8 ದಿನ, ಬೆಡ್‌ದಕ್ಕೆ 13 ದಿನ ಹಿಡಿಯಿತು. ಕೂಲಿ ಖರ್ಚಿನ ಸಮೇತ ಒಂದು ಪುಟ ಜೊತೆಗಿದೆ. ನಾವು ಮಾತಾಡಲು ಆಗದಿದ್ದರೂ ನಿಮಗೆ ಉಪಯೋಗವಾದರೆ ಇಟ್ಟುಕೊಳ್ಳಿ.

ಈಗ ಮಾರೋಕೆ ನನ್ನ ಹತ್ತಿರ ಕಾಫಿ ಇಲ್ಲ. ಮುಂದಿನ ಕುಯ್ಲಿಗೆ ಇನ್ನಷ್ಟು ಬೆಡ್ ಹಾಕಿಸಬೇಕಾ ಅಂತ ಸೆಪ್ಟೆಂಬರ್ 25ರೊಳಗೆ ತೀರ್ಮಾನಿಸಬೇಕು. ಅದಕ್ಕೆ ಎರಡು ಪ್ರಶ್ನೆ. 100 ಕೆಜಿಯಷ್ಟು ಸಣ್ಣ ಲಾಟನ್ನು ನೀವು ಪಾರ್ಚ್‌ಮೆಂಟ್ ಆಗಿ ತಗೊಳ್ಳುತ್ತೀರಾ, ಸಿಪ್ಪೆ ತೆಗೆದೇ ಕೊಡಬೇಕಾ? ನಿಮಗೆ ಗಿಟ್ಟುವ ಕನಿಷ್ಠ ಲಾಟ್ ಎಷ್ಟು?

ಮುಂದಿನ ಎರಡು ವಾರದಲ್ಲಿ ಮಂಗಳವಾರ ಅಥವಾ ಗುರುವಾರ ಸಂಜೆ 4ರ ನಂತರ 15 ನಿಮಿಷ ಸಿಗುತ್ತಾ? ನಿಮಗೆ ಬೇರೆ ಹೊತ್ತು ಅನುಕೂಲವಾದರೆ ಅದೇ ಸರಿ. ಎರಡು ಸಾಲು ಬರೆದು ಕಳಿಸಿದರೂ ಸಾಕು."

ಕೊನೆಯ ಸಾಲಿನ ಬಗ್ಗೆ ಒಂದು ಮಾತು. ಬರೆದು ಕಳಿಸಿ ಅಂತ ದಾರಿ ತೋರಿಸಿದರೆ ಕಾಲ್ ಕೈತಪ್ಪುತ್ತೆ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗನಿಸಲ್ಲ. ಸಣ್ಣ ಲಾಟ್‌ನ ಹಲ್ಲಿಂಗ್ ಬಗ್ಗೆ ಎರಡು ಸಾಲಲ್ಲಿ ಬರೆಯೋದು ಸುಲಭ ಇಲ್ಲ. ಟೈಪ್ ಮಾಡೋಕೆ ಕೂತವರು ಅರ್ಧಕ್ಕೆ ಬಿಟ್ಟು "ನಾಳೆ ಫೋನ್ ಮಾಡಿ" ಅಂತ ಬರೆಯೋದನ್ನು ನೋಡಿದ್ದೇನೆ, ನಾನೇ ಮಾಡಿದ್ದೇನೆ. ಬರೆದೇ ಕಳಿಸಿದರೆ ನಿಮಗೆ ಉತ್ತರವಂತೂ ಸಿಕ್ಕಿತು.

ಆ ಕಡೆಯವರಿಗೆ ಕನ್ನಡ ಓದೋಕೆ ಬರುತ್ತೋ ಇಲ್ಲವೋ ಗೊತ್ತಿಲ್ಲದಿದ್ದರೆ ಇಂಗ್ಲಿಷ್‌ನಲ್ಲೇ ಬರೆಯಿರಿ, ಬೆಂಗಳೂರಿನ ರೋಸ್ಟರಿಗಳಲ್ಲಿ ಎಲ್ಲ ಕಡೆಯವರೂ ಇದ್ದಾರೆ. ಈಮೇಲ್ ಸಿಕ್ಕರೆ ಈಮೇಲ್, ಇಲ್ಲದಿದ್ದರೆ ಲಿಂಕ್ಡ್‌ಇನ್. ಯಾರದೋ ಮೂಲಕ ನಂಬರ್ ಸಿಕ್ಕಿತು ಅಂತ ನೇರ ಫೋನ್ ಮಾಡಬೇಡಿ, ವಾಯ್ಸ್ ನೋಟ್ ಅಂತೂ ಬೇಡವೇ ಬೇಡ. ನಂಬರ್ ಕೊಟ್ಟವರ ಹೆಸರು ಹೇಳಿ ವಾಟ್ಸಾಪ್‌ನಲ್ಲಿ ಬರೆಯಬಹುದು, ಕೊಟ್ಟವರನ್ನು ಮೊದಲು ಕೇಳಿದ್ದರೆ.

ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಒಂದೇ ಒಂದು ಸಲ ನೆನಪಿಸಿ. ನನ್ನ ಮೆಸೇಜ್ ನೋಡಿದಿರಾ ಅಂತ ಕೇಳಬೇಡಿ, ಹೊಸ ಸುದ್ದಿ ಏನಾದರೂ ಸೇರಿಸಿ. ಈ ವರ್ಷ ನಿಮ್ಮ ಕಡೆ ಹೂಮಳೆ ಯಾವಾಗ ಬಂತು, ಮಳೆಗೆ ಕಾಯಿ ಎಷ್ಟು ಉದುರಿತು, ಮೇಲಿನ ಬ್ಲಾಕ್ ಈಗ ಹೇಗಿದೆ. ಎರಡೇ ಸಾಲು, ಒಂದು ಫೋಟೋ. ಫಸಲಿನ ಸುದ್ದಿಗೆ ಬೈಯರ್‌ಗಳು ಸದಾ ಕಿವಿ ಕೊಡುತ್ತಾರೆ. ಆಗಲೂ ಮೌನವಾದರೆ ಮುಂದಿನ ಹೆಸರಿಗೆ ಹೋಗಿ. ಒಂದೇ ದಿನ ಎಂಟು ಜನಕ್ಕೆ ಒಂದೇ ಮೆಸೇಜ್ ಕಳಿಸೋದೂ ಬೇಡ. ಬೆಂಗಳೂರಿನ ಕಾಫಿ ಮಂದಿ ಒಬ್ಬರನ್ನೊಬ್ಬರು ಬಲ್ಲರು, ಒಂದೇ ಕಪ್ಪಿಂಗ್ ಟೇಬಲ್ ಸುತ್ತ ಸೇರುವವರು.

ಕಾಲ್ ಸಿಕ್ಕಿತು ಅಂತಿಟ್ಟುಕೊಳ್ಳಿ. ತೋಟದ ಚರಿತ್ರೆ ಹೇಳೋಕೆ ಹೋಗಬೇಡಿ, ಪುಟದಲ್ಲಿ ಇದೆ. "ಪುಟ ನೋಡೋಕೆ ಟೈಮ್ ಸಿಕ್ಕಿತಾ? ಇಲ್ಲದಿದ್ದರೆ ಅರ್ಧ ನಿಮಿಷದಲ್ಲಿ ಹೇಳುತ್ತೇನೆ" ಅಂತ ಶುರು ಮಾಡಿ, ನೇರ ಮೊದಲ ಪ್ರಶ್ನೆಗೆ ಬನ್ನಿ. ಅವರು ನಿಮ್ಮನ್ನು ಪ್ರಶ್ನೆ ಕೇಳೋಕೆ ಶುರು ಮಾಡಿದರೆ ಒಳ್ಳೆಯ ಲಕ್ಷಣ. ಬೆಡ್ ಮೇಲೆ ಎಷ್ಟು ದಪ್ಪ ಹರಡಿದ್ದಿರಿ, ಮಧ್ಯಾಹ್ನ ನೆರಳು ಮಾಡಿದ್ದಿರಾ, ತೇಲುವ ಹಣ್ಣು ತೆಗೆದಿದ್ದಿರಾ ಅಂತ ಕೇಳಬಹುದು. ಅದರಲ್ಲೇ ನಿಮಗೆ ಬೇಕಾದ ಪಾಠ ಇರುತ್ತೆ, ಬರೆದುಕೊಳ್ಳಿ. "ಚೆನ್ನಾಗಿದೆ, ಮುಂದುವರಿಸಿ" ಅಂತ ಬರೀ ಹೊಗಳಿದರೆ ಅದರಿಂದ ಏನೂ ಸಿಗಲ್ಲ. ಆಗ ಇದನ್ನು ಕೇಳಿ: "ಇಂಥ ಸಣ್ಣ ಲಾಟನ್ನು ನೀವು ಬೇಡ ಅಂದಿದ್ದು ಯಾವ ಕಾರಣಕ್ಕೆ?" ತಿರಸ್ಕರಿಸಿದ ಲಾಟ್‌ಗಳ ಬಗ್ಗೆ ಬೈಯರ್‌ಗಳು ಬಿಚ್ಚಿ ಮಾತಾಡುತ್ತಾರೆ. ಮೊದಲ ಚೀಲ ಚೆನ್ನಾಗಿತ್ತು, ಎರಡನೆಯದು ಬೇರೆ ಥರ ಇತ್ತು ಅನ್ನೋದು ನಾನು ಬಹಳ ಸಲ ಹೇಳಿದ ಕಾರಣ. ಒಣಗಿಸುವಾಗ ದಿನದಿನಕ್ಕೆ ವ್ಯತ್ಯಾಸವಾದರೆ ಹಾಗೆ ಆಗುತ್ತೆ.

ರೇಟ್ ಮಾತು ಅವರಾಗಿ ಎತ್ತಿದರೆ ಕೇಳಿಸಿಕೊಳ್ಳಿ, ನೀವು ಎತ್ತಬೇಡಿ. ಹದಿನಾಲ್ಕನೇ ನಿಮಿಷಕ್ಕೆ ನೀವೇ "ಟೈಮ್ ಆಯಿತು ಮೇಡಂ" ಅನ್ನಿ. ಪರವಾಗಿಲ್ಲ ಹೇಳಿ ಅಂದರೆ ಮುಂದುವರಿಸಿ. ಮಾತಿನ ಮಧ್ಯೆ ಅವರು ತೋಟಕ್ಕೆ ಬಂದು ಪ್ರೊಸೆಸಿಂಗ್ ತಿದ್ದಿಕೊಡಬೇಕು ಅಂತ ನಿಮಗೆ ಅನಿಸಿದರೆ, ಅದು ಕಾಲ್ ಅಲ್ಲ, ಕನ್ಸಲ್ಟಿಂಗ್ ಕೆಲಸ. ಅದಕ್ಕೆ ಏನು ತಗೊಳ್ಳುತ್ತೀರಿ ಅಂತ ಕೇಳಿಬಿಡಿ. ಪುಕ್ಕಟೆ ಕರೆಯೋದು ಬೇಡ.

ಕಾಲ್ ಮುಗಿದ ಸಂಜೆ ನಾಲ್ಕು ಸಾಲು ಬರೆಯಿರಿ. ಅವರು ಹೇಳಿದ್ದನ್ನು ನೀವು ಹೇಗೆ ಅರ್ಥ ಮಾಡಿಕೊಂಡಿರಿ, ಏನು ತೀರ್ಮಾನ ಮಾಡಿದಿರಿ. 100 ಕೆಜಿ ನಮಗೆ ಸಾಲದು, ಕನಿಷ್ಠ 250 ಬೇಕು ಅಂತ ಅವರು ಹೇಳಿದರೆ, ನಿಮ್ಮ ಲೆಕ್ಕ ಹೀಗೆ ಬದಲಾಗುತ್ತೆ: 250 ಕೆಜಿ ಬೀಜಕ್ಕೆ ಸುಮಾರು 1,500 ಕೆಜಿ ಹಣ್ಣು ಬೇಕು. ಒಂದೇ ಬ್ಲಾಕ್‌ನಿಂದ ಅಷ್ಟು ಹಣ್ಣು, ಒಂದೇ ಗುಣಮಟ್ಟದಲ್ಲಿ, ಬೆಡ್ ಹಿಡಿಸುವಷ್ಟು ವೇಗದಲ್ಲಿ ಬರುತ್ತಾ? ಬರದಿದ್ದರೆ ಪಕ್ಕದ ತೋಟದವರ ಜೊತೆ ಸೇರಬೇಕಾ? ಅದು ಆಗಲ್ಲ ಅಂತ ನಿಮಗೆ ಅನಿಸಿದರೆ ಹಾಗೇ ಬರೆಯಿರಿ, ಈ ವರ್ಷ ಬೆಡ್ ಹಾಕಿಸುತ್ತಿಲ್ಲ ಅಂತ. ಬೈಯರ್‌ಗೆ ಅದರಿಂದ ಬೇಜಾರಾಗಲ್ಲ. ಬೆಡ್ ಹಾಕಿಸಿದರೆ ಜನವರಿಯಲ್ಲಿ ಹೊಸ ಲಾಟ್ ಒಣಗುತ್ತಿರುವಾಗ ಅದೇ ಮೆಸೇಜ್‌ನ ಕೆಳಗೆ ದಿನಗಳು, ತೇವಾಂಶ ಬರೆದು ಕಳಿಸಿ. ಸ್ಯಾಂಪಲ್ ಕಳಿಸಲಾ ಅಂತ ಕೇಳಬೇಕಾದ್ದು ಆಗ. 350 ಗ್ರಾಂ ಬೀಜ ಸಾಕು, ಚೀಲದ ಮೇಲೆ ಬ್ಲಾಕ್, ಕುಯ್ದ ದಿನ, ಕಣ ಅಥವಾ ಬೆಡ್ ಅಂತ ಬರೆದಿರಲಿ.